‘ಸ್ಥಳಾಂತರಿಸಲಾಗಲಿಲ್ಲ’ ಎಂದರೆ ಏನು?

ಕೆಲವು ವರ್ಷಗಳ ಹಿಂದೆ ಮೂವರು ಸದಸ್ಯರ ಒಂದು ವಿಚಾರಣಾ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ದಾಖಲೆ ಕೊಠಡಿಯೊಳಗೆ ಮಳೆನೀರು ನುಗ್ಗಿ ಕಡತಗಳು ಹಾಳಾಗಿದ್ದವು. ಏನಾಯಿತು, ಏಕಾಯಿತು ಎಂಬುದನ್ನು ತಿಳಿದು ವರದಿ ಕೊಡುವುದು ನಮ್ಮ ಕೆಲಸವಾಗಿತ್ತು. ಕರಡು ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಅದರ ಮುಖ್ಯ ಭಾಗವನ್ನು ನಾನು ಹೀಗೆ ಬರೆದಿದ್ದೆ:

“ಕಿಟಕಿಯಿಂದ ನೀರು ಸೋರುತ್ತಿರುವ ವಿಷಯವನ್ನು ಆಡಳಿತ ಶಾಖೆಗೆ ತಿಳಿಸಲಾಗಿತ್ತು. ಕಿಟಕಿಯ ದುರಸ್ತಿಗೆ ಅನುಮೋದನೆ ನೀಡಲ್ಪಟ್ಟಿತ್ತು. ಆದರೆ ದುರಸ್ತಿ ಕಾರ್ಯವನ್ನು ಕೈಗೊಳ್ಳಲಾಗಲಿಲ್ಲ. ಕಡತಗಳನ್ನು ಮೇಲಿನ ಕಪಾಟುಗಳಿಗೆ ಸ್ಥಳಾಂತರಿಸಲಾಗಲಿಲ್ಲ. ಕೆಳಗಿನ ಕಪಾಟಿನಲ್ಲಿ ಇರಿಸಲ್ಪಟ್ಟಿದ್ದ 46 ಕಡತಗಳು ಮಳೆನೀರಿನಿಂದ ಹಾನಿಗೊಳಿಸಲ್ಪಟ್ಟವು. ಒದ್ದೆಯಾದ ಕಡತಗಳನ್ನು ಒಣಗಿಸಲಾಗಿದ್ದು, ಅವುಗಳ ಪಟ್ಟಿಯನ್ನು ತಯಾರಿಸಲಾಗಿದೆ. ಇಂತಹ ಘಟನೆ ಮರುಕಳಿಸದಂತೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಬರೆದು ಮುಗಿಸಿದಾಗ ನನಗೆ ತೃಪ್ತಿಯೇ ಆಗಿತ್ತು. ಯಾರ ಮೇಲೂ ಬೆರಳು ತೋರಿಸದ, ಗಂಭೀರವಾದ, ಕಚೇರಿಯ ಭಾಷೆ ಹೇಗಿರಬೇಕೋ ಹಾಗೆಯೇ ಇರುವ ಬರವಣಿಗೆ ಎಂದು ಭಾವಿಸಿದ್ದೆ. ಕರಡನ್ನು ಸಭೆಯಲ್ಲಿ ಓದಿದಾಗ ನಾಲ್ಕನೆಯ ವಾಕ್ಯದ ಬಳಿ ಎಲ್ಲವೂ ನಿಂತಿತು. ದಾಖಲೆ ಕೊಠಡಿಯ ಮೇಲ್ವಿಚಾರಕರು, “ಸರಿಯಾಗಿ ಬರೆದಿದ್ದೀರಿ ಸರ್, ಅಷ್ಟು ಕಡತ ಎತ್ತಿಡುವುದು ನಮ್ಮಿಂದ ಸಾಧ್ಯವೇ ಇರಲಿಲ್ಲ” ಎಂದರು. ಅದೇ ವಾಕ್ಯವನ್ನು ಓದಿದ ಆಡಳಿತ ಶಾಖೆಯ ಅಧಿಕಾರಿಯೊಬ್ಬರು, “ಹಾಗಾದರೆ ಸ್ಥಳಾಂತರಿಸಲಿಲ್ಲ ಎಂದು ವರದಿಯೇ ಒಪ್ಪಿಕೊಂಡಿದೆ, ಏಕೆ ಮಾಡಲಿಲ್ಲ ಎಂದು ವಿವರಣೆ ಕೇಳಬೇಕು” ಎಂದರು. ಒಬ್ಬರಿಗೆ ಆ ವಾಕ್ಯ ಅಸಹಾಯಕತೆಯಾಗಿ ಕೇಳಿಸಿತ್ತು, ಇನ್ನೊಬ್ಬರಿಗೆ ನಿರ್ಲಕ್ಷ್ಯವಾಗಿ ಕಂಡಿತ್ತು. ಇಬ್ಬರ ಓದೂ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿತ್ತು. ತಪ್ಪು ನನ್ನ ವಾಕ್ಯದಲ್ಲಿತ್ತು.

ಇದಕ್ಕೆ ಕಾರಣ ‘ಆಗು’ ಎಂಬ ಕ್ರಿಯಾಪದ. ಕನ್ನಡದಲ್ಲಿ ‘ಆಗು’ ಎಂದರೆ ನಡೆಯುವುದು, ಸಂಭವಿಸುವುದು. ಅದೇ ‘ಆಗು’ ಸಾಧ್ಯವಾಗುವುದು ಎಂಬ ಅರ್ಥವನ್ನೂ ಕೊಡುತ್ತದೆ. ‘ಕೆಲಸ ಆಯಿತು’ ಎಂಬಲ್ಲಿ ಮೊದಲನೆಯ ಅರ್ಥ, ‘ನನಗೆ ಬರಲು ಆಗುವುದಿಲ್ಲ’ ಎಂಬಲ್ಲಿ ಎರಡನೆಯದು. ‘ಸ್ಥಳಾಂತರಿಸಲಾಯಿತು’ ಎಂದು ಹೇಳುವಾಗ ಈ ಎರಡು ಅರ್ಥಗಳ ನಡುವೆ ಜಗಳವಿಲ್ಲ, ಏಕೆಂದರೆ ಕೆಲಸ ನಡೆದಿದೆ ಎಂದ ಮೇಲೆ ಅದು ಸಾಧ್ಯವೂ ಆಗಿದೆ ಎಂದೇ ಅರ್ಥ. ಆದರೆ ವಾಕ್ಯ ನಿಷೇಧಕ್ಕೆ ತಿರುಗಿದ ಕೂಡಲೇ ದಾರಿ ಕವಲೊಡೆಯುತ್ತದೆ. ‘ಸ್ಥಳಾಂತರಿಸಲಾಗಲಿಲ್ಲ’ ಎಂಬುದನ್ನು ‘ಸ್ಥಳಾಂತರಿಸುವ ಕೆಲಸ ನಡೆಯಲಿಲ್ಲ’ ಎಂದೂ ಓದಬಹುದು, ‘ಸ್ಥಳಾಂತರಿಸಲು ಆಗಲಿಲ್ಲ’ ಎಂದು ಬಿಡಿಸಿಯೂ ಓದಬಹುದು. ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ ಆಗಿ ಕೇಳುತ್ತವೆ. ‘ಸ್ವೀಕರಿಸಲಾಗುವುದಿಲ್ಲ’ ಎಂಬ ಪ್ರಕಟಣೆಯಲ್ಲೂ ಇದೇ ಇಬ್ಬಂದಿತನ ಅಡಗಿದೆ. ಆದರೆ ಅಲ್ಲಿ ಓದುಗನಿಗೆ ಯಾವ ಅರ್ಥ ಹಿಡಿದರೂ ಫಲ ಒಂದೇ ಆದ್ದರಿಂದ ನಷ್ಟವಿಲ್ಲ. ಹೊಣೆಯನ್ನು ನಿರ್ಧರಿಸಬೇಕಾದ ವರದಿಯಲ್ಲಿ ಮಾತ್ರ ‘ಮಾಡಲಿಲ್ಲ’ ಮತ್ತು ‘ಮಾಡಲು ಸಾಧ್ಯವಾಗಲಿಲ್ಲ’ ಎಂಬ ಎರಡು ಮಾತುಗಳ ನಡುವಿನ ಅಂತರವೇ ಇಡೀ ವಿಷಯ.

ಕರ್ತೃವನ್ನು ಸೇರಿಸಿದರೆ ಗೊಂದಲ ಬಗೆಹರಿಯುತ್ತದೆ ಎಂದು ತೋರಬಹುದು. ನಾನೂ ಮೊದಲು ‘ಮೇಲ್ವಿಚಾರಕರಿಂದ ಕಡತಗಳನ್ನು ಸ್ಥಳಾಂತರಿಸಲಾಗಲಿಲ್ಲ’ ಎಂದು ತಿದ್ದಿ ನೋಡಿದೆ. ಅದರಿಂದ ಗೊಂದಲ ಹೋಗಲಿಲ್ಲ, ವಾಕ್ಯ ಒಂದು ಕಡೆಗೆ ವಾಲಿತು ಅಷ್ಟೆ. ‘ನನ್ನಿಂದ ಆಗಲಿಲ್ಲ’ ಎನ್ನುವುದು ಕನ್ನಡದಲ್ಲಿ ಅಸಾಮರ್ಥ್ಯವನ್ನು ಹೇಳುವ ರೂಢಿಯ ಮಾತಾದ್ದರಿಂದ, ‘ಇಂದ’ ಪ್ರತ್ಯಯ ಬಂದ ಕೂಡಲೇ ಓದುಗನ ಮನಸ್ಸು ‘ಅವರ ಕೈಲಾಗಲಿಲ್ಲ’ ಎಂಬ ಅರ್ಥದ ಕಡೆಗೇ ಹೋಗುತ್ತದೆ. ಹೀಗಾಗಿ, ನಡೆಯದೇ ಹೋದ ಕೆಲಸದ ಬಗ್ಗೆ ಬರೆಯುವಾಗ ‘-ಲಾಗಲಿಲ್ಲ’ ಎಂಬ ರೂಪವನ್ನು ನಾನು ಈಗ ಬಳಸುವುದೇ ಇಲ್ಲ. ‘ಸ್ಥಳಾಂತರಿಸಲಿಲ್ಲ’ ಅಥವಾ ‘ಸ್ಥಳಾಂತರಿಸಲು ಸಾಧ್ಯವಾಗಲಿಲ್ಲ’, ಎರಡರಲ್ಲಿ ಯಾವುದು ನಿಜವೋ ಅದನ್ನು ಬರೆಯುತ್ತೇನೆ. ಯಾವುದು ನಿಜವೆಂದು ಗೊತ್ತಿಲ್ಲದಿದ್ದರೆ ನನ್ನ ವಿಚಾರಣೆ ಇನ್ನೂ ಮುಗಿದಿಲ್ಲ ಎಂದರ್ಥ. ಆ ದಿನ ಆದದ್ದೂ ಅದೇ: ನಾವು ಮತ್ತೆ ಹೋಗಿ ಕೇಳಿದೆವು. ಮಳೆ ಜೋರಾದದ್ದು ರಾತ್ರಿ, ಆಗ ಕೊಠಡಿಗೆ ಬೀಗ ಹಾಕಿತ್ತು, ಬೀಗದ ಕೈ ಕಾವಲುಗಾರರ ಬಳಿ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಎಂದರೆ ಅದು ನಿಜವಾಗಿಯೂ ‘ಸಾಧ್ಯವಾಗಲಿಲ್ಲ’ ಎಂಬ ಸಂಗತಿ. ಆದರೆ ಏಕೆ ಸಾಧ್ಯವಾಗಲಿಲ್ಲ ಎಂಬ ಮುಖ್ಯವಾದ ವಿವರವನ್ನು ನನ್ನ ವಾಕ್ಯ ಕೇಳಿಯೂ ಇರಲಿಲ್ಲ, ಹೇಳಿಯೂ ಇರಲಿಲ್ಲ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಶಾಲೆಯಲ್ಲಿ ಕರ್ಮಣಿ ಪ್ರಯೋಗವೆಂದು ನಾವು ಕಲಿಯುವುದು ‘ಅಲ್ಪಡು’ ಸೇರಿದ ರೂಪವನ್ನು: ‘ಸಮಿತಿಯು ಅರ್ಜಿಗಳನ್ನು ತಿರಸ್ಕರಿಸಿತು’ ಎಂಬುದು ‘ಸಮಿತಿಯಿಂದ ಅರ್ಜಿಗಳು ತಿರಸ್ಕರಿಸಲ್ಪಟ್ಟವು’ ಎಂದಾಗುತ್ತದೆ. ಇಲ್ಲಿ ಕರ್ಮವಾಗಿದ್ದ ಅರ್ಜಿಗಳು ಪ್ರಥಮಾ ವಿಭಕ್ತಿಗೆ ಬರುತ್ತವೆ, ಕ್ರಿಯಾಪದ ಅವುಗಳ ಲಿಂಗ ವಚನಗಳನ್ನು ಅನುಸರಿಸುತ್ತದೆ. ಆದರೆ ಇಂದಿನ ಔಪಚಾರಿಕ ಬರವಣಿಗೆಯಲ್ಲಿ ಹೆಚ್ಚಾಗಿ ಕಾಣುವುದು ‘ಅರ್ಜಿಗಳನ್ನು ತಿರಸ್ಕರಿಸಲಾಯಿತು’ ಎಂಬ ರೂಪ. ಇದರಲ್ಲಿ ಕರ್ಮ ದ್ವಿತೀಯಾ ವಿಭಕ್ತಿಯಲ್ಲೇ ಉಳಿಯುತ್ತದೆ, ಕ್ರಿಯಾಪದ ಯಾವಾಗಲೂ ನಪುಂಸಕಲಿಂಗದ ಏಕವಚನದಲ್ಲಿರುತ್ತದೆ, ಕರ್ತೃ ಮರೆಯಾಗಿರುತ್ತಾನೆ. ಬಳಕೆಯಲ್ಲಿ ಎರಡನ್ನೂ ಕರ್ಮಣಿ ಎಂದೇ ಕರೆಯುತ್ತೇವೆ, ನಾನೂ ಹಾಗೆಯೇ ಕರೆಯುತ್ತೇನೆ. ಆದರೆ ಇವೆರಡರ ಸ್ವಭಾವ ಬೇರೆಯೆಂದು ನೆನಪಿಡದಿದ್ದರೆ ‘ಅರ್ಜಿಗಳು ತಿರಸ್ಕರಿಸಲಾಗಿವೆ’, ‘ಅವರು ನೇಮಿಸಲಾಗಿದೆ’ ಎಂಬಂತಹ ಅರ್ಧ ಅಲ್ಲಿಯ ಅರ್ಧ ಇಲ್ಲಿಯ ವಾಕ್ಯಗಳು ಹುಟ್ಟುತ್ತವೆ. ವಾಕ್ಯ ಹೀಗೆ ಮುರಿದಿದೆಯೇ ಎಂದು ತಿಳಿಯಲು ಕರ್ಮದ ಜಾಗದಲ್ಲಿ ಒಬ್ಬ ವ್ಯಕ್ತಿಯನ್ನು ಇಟ್ಟು ನೋಡಿದರೆ ಸಾಕು. ‘ಅವರನ್ನು ನೇಮಿಸಲಾಗಿದೆ’ ಸರಿ, ‘ಅವರು ನೇಮಿಸಲ್ಪಟ್ಟಿದ್ದಾರೆ’ ಸರಿ, ಇವೆರಡರ ಮಿಶ್ರಣ ತಪ್ಪೆಂಬುದು ಕಿವಿಗೇ ಗೊತ್ತಾಗುತ್ತದೆ.

ವಾಕ್ಯ ಭಾರವಾಗುವುದರ ಕಾರಣವೂ ಈ ಎರಡು ರೂಪಗಳಲ್ಲಿ ಬೇರೆಬೇರೆ. ‘ಅಲ್ಪಡು’ ರೂಪದ ಭಾರ ಮೊದಲು ಉಚ್ಚಾರಣೆಯಲ್ಲೇ ಇದೆ. ಸಂಸ್ಕೃತದಲ್ಲಿ ‘ಪಠತಿ’ ಎಂಬುದು ‘ಪಠ್ಯತೇ’ ಎಂದಾಗುವಾಗ ಪದ ಉದ್ದವಾಗುವುದಿಲ್ಲ, ಮೂರಕ್ಷರ ಮೂರಕ್ಷರವಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿಯೂ ಒಂದು ಚಿಕ್ಕ ಸಹಾಯಕ ಪದ ಸೇರಿದರೆ ಕೆಲಸ ಮುಗಿಯುತ್ತದೆ. ಕನ್ನಡದ ‘ಇಟ್ಟಿದ್ದ’ ಮಾತ್ರ ‘ಇರಿಸಲ್ಪಟ್ಟಿದ್ದ’ ಆಗುವಾಗ ಮೂರಕ್ಷರದಿಂದ ಆರಕ್ಷರಕ್ಕೆ ಏರುತ್ತದೆ, ಅದರಲ್ಲೂ ಮೂರು ಒತ್ತಕ್ಷರಗಳು ಸಾಲಾಗಿ ಬಂದು ನಾಲಿಗೆಯನ್ನು ತಡೆಯುತ್ತವೆ. ಇದರ ಜೊತೆಗೆ ‘ಪಡು’ ಎಂಬುದಕ್ಕೆ ಅನುಭವಿಸು ಎಂಬ ಅರ್ಥದ ನೆನಪು ಇನ್ನೂ ಅಂಟಿಕೊಂಡಿದೆ: ಕಷ್ಟಪಡು, ಸಂತೋಷಪಡು, ಭಯಪಡು. ಕಡತವೊಂದು ಕಪಾಟಿನಲ್ಲಿ ಇರಿಸಲ್ಪಡುವುದನ್ನು ಓದಿದಾಗ ನನ್ನ ಕಿವಿಗೆ ಏನೋ ಕೃತಕವೆನಿಸುವುದು ಇದೇ ಕಾರಣಕ್ಕಿರಬೇಕು.

ನಮ್ಮ ಭಾಷೆಗೆ ಬಹಳಷ್ಟು ಕಡೆ ಈ ರೂಪದ ಅಗತ್ಯವೇ ಬೀಳುವುದಿಲ್ಲ. ಕನ್ನಡದ ಕೃದಂತ ವಿಶೇಷಣಕ್ಕೆ ಕರ್ತರಿ ಕರ್ಮಣಿ ಎಂಬ ಭೇದವಿಲ್ಲ. ‘ಪತ್ರ ಬರೆದ ಗುಮಾಸ್ತ’ ಎಂಬಲ್ಲಿ ಬರೆದವನು ಗುಮಾಸ್ತ, ‘ಗುಮಾಸ್ತ ಬರೆದ ಪತ್ರ’ ಎಂಬಲ್ಲಿ ಬರೆಸಿಕೊಂಡದ್ದು ಪತ್ರ. ‘ಬರೆದ’ ಎಂಬ ರೂಪ ಮಾತ್ರ ಎರಡೂ ಕಡೆ ಒಂದೇ. ಹಾಗಿರುವಾಗ ‘ಗುಮಾಸ್ತನಿಂದ ಬರೆಯಲ್ಪಟ್ಟ ಪತ್ರ’ ಎಂದು ಬರೆದರೆ ನಾವು ಇಲ್ಲದ ಸಮಸ್ಯೆಗೆ ಪರಿಹಾರ ಹುಡುಕಿದಂತಾಗುತ್ತದೆ. ನನ್ನ ಕರಡಿನ ‘ಕೆಳಗಿನ ಕಪಾಟಿನಲ್ಲಿ ಇರಿಸಲ್ಪಟ್ಟಿದ್ದ 46 ಕಡತಗಳು’ ಎಂಬುದು ‘ಕೆಳಗಿನ ಕಪಾಟಿನಲ್ಲಿದ್ದ 46 ಕಡತಗಳು’ ಎಂದಾಗಬೇಕಿತ್ತು. ಅಲ್ಲಿ ಇಟ್ಟವರು ಯಾರೆಂಬುದು ಪ್ರಶ್ನೆಯೇ ಅಲ್ಲದ ಕಾರಣ ‘ಇಡು’ ಎಂಬ ಕ್ರಿಯೆಯೇ ಬೇಕಿರಲಿಲ್ಲ. ಹಾಗೆಯೇ ‘ಮಳೆನೀರಿನಿಂದ ಹಾನಿಗೊಳಿಸಲ್ಪಟ್ಟವು’ ಎಂಬಲ್ಲಿ, ಮೊದಲು ‘ಹಾನಿಗೊಳ್ಳು’ ಎಂಬ ಅಕರ್ಮಕ ಕ್ರಿಯೆಯನ್ನು ‘ಹಾನಿಗೊಳಿಸು’ ಎಂದು ಸಕರ್ಮಕ ಮಾಡಿ, ಆಮೇಲೆ ಅದನ್ನು ಕರ್ಮಣಿಗೆ ತಿರುಗಿಸಿ, ಹೊರಟ ಜಾಗಕ್ಕೇ ಸುತ್ತುದಾರಿಯಲ್ಲಿ ಬಂದಿದ್ದೆ. ‘ಮಳೆನೀರಿನಿಂದ ಹಾಳಾದವು’ ಎಂದರೆ ಎಲ್ಲವೂ ಹೇಳಿದಂತಾಯಿತು.

ಆದರೂ ‘ಅಲ್ಪಡು’ವನ್ನು ಪೂರ್ತಿಯಾಗಿ ಹೊರಗಿಡಬೇಕೆಂದು ವಾದಿಸುವವರ ಜೊತೆ ನಾನಿಲ್ಲ. ಕೃದಂತದಲ್ಲಿ ಭೇದವಿಲ್ಲದಿರುವುದು ಎಷ್ಟು ಅನುಕೂಲವೋ, ಕರ್ತೃವೂ ಕರ್ಮವೂ ಒಂದೇ ಜಾತಿಯವಾದಾಗ ಅಷ್ಟೇ ತೊಡಕು. ‘ಕೊಂದ ಹುಲಿ’ ಎಂದಷ್ಟೇ ಬರೆದರೆ ಹುಲಿ ಕೊಂದದ್ದೋ, ಹುಲಿಯನ್ನು ಯಾರಾದರೂ ಕೊಂದದ್ದೋ ತಿಳಿಯದು. ‘ಹೊರಹಾಕಿದವರು’ ಎಂದರೆ ಹೊರಹಾಕುವ ಅಧಿಕಾರ ಚಲಾಯಿಸಿದವರು. ಅದಕ್ಕೆ ಗುರಿಯಾದವರನ್ನು ಒಂದೇ ಪದದಲ್ಲಿ ಹೇಳಬೇಕಾದರೆ ‘ಹೊರಹಾಕಲ್ಪಟ್ಟವರು’ ಎನ್ನಬೇಕು. ‘ಶೋಷಿಸಿದವರು’ ಮತ್ತು ‘ಶೋಷಿಸಲ್ಪಟ್ಟವರು’ ಎಂಬ ಪದಗಳ ನಡುವೆ ಇರುವುದು ಇದೇ ಅಂತರ. ಇಂಥಲ್ಲಿ ಆ ಪದದ ಭಾರ ಸಾರ್ಥಕವಾದ ಭಾರ. ಅನುಭವಿಸುವ ಜೀವವೊಂದು ಅಲ್ಲಿರುವುದರಿಂದ ‘ಪಡು’ ಕೂಡ ಕೃತಕವಾಗಿ ಕೇಳುವುದಿಲ್ಲ. ಹಲ್ಲೆಗೆ ಒಳಗಾದವರು, ಟೀಕೆಗೆ ಗುರಿಯಾದವರು, ಏಟು ತಿಂದವರು ಎಂಬ ಸಿದ್ಧ ಮಾತುಗಳಿರುವ ಕಡೆ ಅವನ್ನೇ ನಾನು ಆರಿಸುತ್ತೇನೆ.

‘-ಲಾಗು’ ರೂಪದ ತೊಂದರೆ ಬೇರೆ ಬಗೆಯದು. ಅದು ನಾಲಿಗೆಗೆ ಭಾರವಲ್ಲ, ಸರಾಗವಾಗಿ ಹರಿಯುತ್ತದೆ, ಹಾಗಾಗಿಯೇ ಬರೆಯುವವರ ಕೈಗೆ ಅಷ್ಟು ಸುಲಭವಾಗಿ ಒಗ್ಗುತ್ತದೆ. ಅದರ ಭಾರ ಓದುಗನ ತಲೆಯ ಮೇಲೆ ಬೀಳುತ್ತದೆ: ಪ್ರತಿಯೊಂದು ‘-ಲಾಯಿತು’ವಿನ ಎದುರಿಗೆ ‘ಯಾರು’ ಎಂಬ ಖಾಲಿ ಜಾಗವನ್ನು ಅವನೇ ತುಂಬಿಕೊಳ್ಳಬೇಕು. ಆ ಖಾಲಿ ಜಾಗ ತುಂಬದಿದ್ದರೂ ಅರ್ಥಕ್ಕೆ ಕುಂದಿಲ್ಲವಾದರೆ ‘-ಲಾಗು’ ಅತ್ಯುತ್ತಮ ರೂಪ. ಅದು ತುಂಬದೆ ಅರ್ಥವೇ ಪೂರ್ತಿಯಾಗದಿದ್ದರೆ ಆ ವಾಕ್ಯ ತಪ್ಪು ಜಾಗದಲ್ಲಿದೆ.

ನನ್ನ ಕರಡಿನ ಆರನೆಯ ವಾಕ್ಯ ಮೊದಲ ಬಗೆಯದು. ಒದ್ದೆಯಾದ ಕಾಗದಕ್ಕೆ ಸುಮಾರು 48 ಗಂಟೆಗಳೊಳಗೆ ಬೂಷ್ಟು ಹಿಡಿಯಲು ಶುರುವಾಗಬಹುದು. ಹಾಗಾಗಿ ಕಡತಗಳ ಹಾಳೆಗಳ ನಡುವೆ ಹೀರುಕಾಗದ ಇಟ್ಟು, ಬಿಸಿಲು ತಾಗದ ಕೊಠಡಿಯಲ್ಲಿ ಫ್ಯಾನ್ ಗಾಳಿಗೆ ಒಣಗಿಸಿದ್ದರು. ಅದರಲ್ಲಿ ಅನೇಕರು ಸರದಿಯಂತೆ ಕೆಲಸ ಮಾಡಿದ್ದರು. ಈ ಭಾಗವನ್ನು ಓದುವವರಿಗೆ ಬೇಕಾದದ್ದು ಯಾವ ವಿಧಾನದಿಂದ ಒಣಗಿಸಿದರು, ಎಷ್ಟು ಹೊತ್ತಿನೊಳಗೆ ಒಣಗಿಸಿದರು, ಯಾವ ಕಡತ ಉಳಿಯಿತು ಎಂಬ ವಿವರಗಳೇ ಹೊರತು ಹೀರುಕಾಗದ ಬದಲಿಸಿದವರ ಹೆಸರಲ್ಲ. ಪ್ರತಿ ವಾಕ್ಯದಲ್ಲೂ ‘ಸಿಬ್ಬಂದಿಯು’, ‘ಸಿಬ್ಬಂದಿಯು’ ಎಂದು ಕರ್ತೃವನ್ನು ತಂದು ನಿಲ್ಲಿಸಿದರೆ ಅನಗತ್ಯವಾದ ಒಬ್ಬ ಪಾತ್ರಧಾರಿ ರಂಗದ ನಡುವೆ ಬಂದಂತಾಗುತ್ತದೆ. ಪ್ರಯೋಗದ ವಿಧಾನವನ್ನು ವಿವರಿಸುವ ವಿಜ್ಞಾನ ಲೇಖನಗಳಲ್ಲಿ, ಯಾರಿಗಾದರೂ ಅನ್ವಯಿಸುವ ನಿಯಮಾವಳಿಗಳಲ್ಲಿ ಕರ್ಮಣಿ ಒಪ್ಪುವುದು ಇದೇ ಕಾರಣಕ್ಕೆ. ಅಲ್ಲಿ ಕೆಲಸ ಯಾರು ಮಾಡಿದರೂ ಅದೇ ಕೆಲಸ.

ಆ ವಾಕ್ಯವನ್ನು ತಿದ್ದುವ ಉತ್ಸಾಹದಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ‘ಲಾಗು’ವನ್ನು ಎಲ್ಲೆಡೆ ತೆಗೆಯಬೇಕೆಂಬ ಹಟ ಹಿಡಿದು, ‘ಒದ್ದೆಯಾದ ಕಡತಗಳನ್ನು ಒಣಗಿಸಿ ಪಟ್ಟಿ ಸಿದ್ಧವಾಯಿತು’ ಎಂದು ಬರೆದೆ. ‘ಒಣಗಿಸಿ’ ಎಂಬ ಅಪೂರ್ಣ ಕ್ರಿಯೆಗೂ ಕೊನೆಯ ಕ್ರಿಯಾಪದಕ್ಕೂ ಸಾಮಾನ್ಯವಾಗಿ ಒಬ್ಬನೇ ಕರ್ತೃವಿರಬೇಕು. ಇಲ್ಲಿ ಸಿದ್ಧವಾದದ್ದು ಪಟ್ಟಿ, ಆದ್ದರಿಂದ ಕಡತಗಳನ್ನು ಒಣಗಿಸಿದ್ದೂ ಪಟ್ಟಿಯೇ ಎಂದಾಯಿತು. ‘ಕಡತಗಳನ್ನು ಒಣಗಿಸಿ ಪಟ್ಟಿ ಮಾಡಲಾಗಿದೆ’ ಎಂದರೆ ಈ ದೋಷವಿಲ್ಲ. ‘-ಲಾಗು’ ವಾಕ್ಯದಲ್ಲಿ ಕರ್ತೃ ಕಾಣದಿದ್ದರೂ ಮರೆಯಲ್ಲಿ ಇದ್ದೇ ಇರುತ್ತಾನೆ, ಒಣಗಿಸಿದವನೂ ಪಟ್ಟಿ ಮಾಡಿದವನೂ ಆ ಕಾಣದ ಕರ್ತೃವೇ ಆಗುತ್ತಾನೆ. ಹಲವು ಹಂತಗಳ ಕೆಲಸವನ್ನು ಒಂದೇ ವಾಕ್ಯದಲ್ಲಿ ಪೋಣಿಸಲು ಈ ರೂಪ ಎಷ್ಟು ಉಪಕಾರಿ ಎಂಬುದು ಅದನ್ನು ಕಿತ್ತುಹಾಕಿದಾಗಲೇ ನನಗೆ ಅರಿವಾದದ್ದು.

ಮೊದಲ ಎರಡು ವಾಕ್ಯಗಳು ಮಾತ್ರ ಈ ರಿಯಾಯಿತಿಗೆ ಅರ್ಹವಾಗಿರಲಿಲ್ಲ. ವಿಷಯವನ್ನು ‘ತಿಳಿಸಲಾಗಿತ್ತು’ ಎಂದೆ. ತಿಳಿಸಿದ್ದು ಯಾರು, ಬಾಯಿಮಾತಿನಲ್ಲೋ ಬರವಣಿಗೆಯಲ್ಲೋ? ಅನುಮೋದನೆ ‘ನೀಡಲ್ಪಟ್ಟಿತ್ತು’ ಎಂದೆ; ನೀಡಿದ್ದು ಯಾರು, ಯಾವಾಗ? ಕರ್ತರಿಗೆ ತಿರುಗಿಸಲು ಕುಳಿತಾಗ ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂತು. ‘ತಿಳಿಸಿದರು’ ಎಂಬ ಕ್ರಿಯಾಪದ ತನಗೊಂದು ಹೆಸರು ಬೇಕೆಂದು ಹಟ ಹಿಡಿಯುತ್ತದೆ. ಹೆಸರು ಹುಡುಕಲು ಹೋದರೆ ದಾಖಲೆ ಹುಡುಕಬೇಕಾಗುತ್ತದೆ. ದಾಖಲೆ ಸಿಕ್ಕಿದರೆ ದಿನಾಂಕವೂ ಸಿಗುತ್ತದೆ. ಮೇಲ್ವಿಚಾರಕರ ಪತ್ರದ ದಿನಾಂಕ ಜೂನ್ 3, ಶಾಖೆಯ ಮುಖ್ಯಸ್ಥರು ಅನುಮೋದಿಸಿದ್ದು ಜೂನ್ 10, ಮಳೆ ಬಂದದ್ದು ಜೂನ್ 19. ಅನುಮೋದನೆಯ ಪ್ರತಿ ನಿರ್ವಹಣಾ ಶಾಖೆಗೆ ಹೋಗಿರಲೇ ಇಲ್ಲ. ‘ದುರಸ್ತಿ ಕಾರ್ಯವನ್ನು ಕೈಗೊಳ್ಳಲಾಗಲಿಲ್ಲ’ ಎಂಬ ಮೂರನೆಯ ವಾಕ್ಯದ ಹಿಂದೆ ಅಡಗಿದ್ದ ಸತ್ಯ ಇದು: ದುರಸ್ತಿ ಮಾಡಬೇಕಾಗಿದ್ದವರಿಗೆ ವಿಷಯವೇ ತಿಳಿದಿರಲಿಲ್ಲ.

ಕರ್ತೃವನ್ನು ಹೇಳಿದರೆ ಬರವಣಿಗೆ ಆರೋಪದ ದನಿಗೆ ತಿರುಗುತ್ತದೆ ಎಂಬ ಭಯ ನನಗಿತ್ತು, ಅದು ಅಕಾರಣವಾದ ಭಯವೇನೂ ಅಲ್ಲ. ಹೊಣೆ ಇನ್ನೂ ಸಾಬೀತಾಗದ ಹಂತದಲ್ಲಿ ಒಬ್ಬರ ಹೆಸರನ್ನು ಕ್ರಿಯಾಪದಕ್ಕೆ ಕಟ್ಟಿಬಿಡುವುದು ಅನ್ಯಾಯವಾಗಬಹುದು. ನಮ್ಮ ಪ್ರಕರಣದಲ್ಲೇ ಆ ಕಿಟಕಿಯ ಒಂದು ಗಾಜನ್ನು ಯಾವಾಗಲೋ ತೆಗೆದು ರಟ್ಟು ಅಂಟಿಸಿದ್ದರು. ಯಾರು ಎಂಬುದಕ್ಕೆ ಸಾಕ್ಷ್ಯವಿರಲಿಲ್ಲ. ಅಲ್ಲಿ ‘ಗಾಜನ್ನು ತೆಗೆದು ರಟ್ಟು ಅಂಟಿಸಲಾಗಿತ್ತು’ ಎಂಬ ಕರ್ಮಣಿಯನ್ನೇ ಉಳಿಸಿಕೊಂಡೆವು. ಆದರೆ ಅದರ ಪಕ್ಕದಲ್ಲಿ ‘ಇದನ್ನು ಯಾರು, ಯಾವಾಗ ಮಾಡಿದರು ಎಂಬುದು ವಿಚಾರಣೆಯಲ್ಲಿ ತಿಳಿದುಬಂದಿಲ್ಲ’ ಎಂಬ ಇನ್ನೊಂದು ವಾಕ್ಯ ಸೇರಿಸಿದೆವು. ಕರ್ತೃ ಗೊತ್ತಿಲ್ಲದಿದ್ದಾಗಲೂ ಕರ್ಮಣಿ ಬರುತ್ತದೆ, ಗೊತ್ತಿದ್ದೂ ಹೇಳಬಾರದೆಂದಾಗಲೂ ಅದೇ ಕರ್ಮಣಿ ಬರುತ್ತದೆ. ಓದುಗನಿಗೆ ಇವೆರಡೂ ಒಂದೇ ರೀತಿ ಕಾಣುತ್ತವೆ. ಗೊತ್ತಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿದಾಗ ಮಾತ್ರ ಅನುಮಾನಕ್ಕೆ ಎಡೆಯಿರುವುದಿಲ್ಲ.

ಇನ್ನೊಂದು ಮಾತು. ವಾಕ್ಯದ ಮೊದಲಿಗೆ ಕರ್ಮವೇ ಬರಬೇಕು, ಓದುಗನ ಗಮನ ಅದರ ಮೇಲೇ ಇರಬೇಕು ಎಂಬ ಕಾರಣಕ್ಕೆ ಕರ್ಮಣಿಯನ್ನು ಆರಿಸುವುದು ಇಂಗ್ಲಿಷಿನಲ್ಲಿ ಅನಿವಾರ್ಯವಾಗಬಹುದು, ಏಕೆಂದರೆ ಅಲ್ಲಿ ಪದಗಳ ಸ್ಥಾನವೇ ಅವುಗಳ ಸಂಬಂಧವನ್ನು ಹೇಳುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ವಿಭಕ್ತಿ ಪ್ರತ್ಯಯ ಮಾಡುತ್ತದೆ. ‘ದುರಸ್ತಿಯ ಪ್ರಸ್ತಾವವನ್ನು ಶಾಖೆಯ ಮುಖ್ಯಸ್ಥರು ಜೂನ್ 10ರಂದು ಅನುಮೋದಿಸಿದರು’ ಎಂದು ಬರೆದರೆ ಪ್ರಸ್ತಾವವೂ ಮುಂದೆ ಬಂತು, ಅನುಮೋದಿಸಿದವರೂ ಉಳಿದರು, ಕ್ರಿಯಾಪದವೂ ಹಗುರವಾಗಿಯೇ ಇತ್ತು. ‘ಶಾಖೆಯ ಮುಖ್ಯಸ್ಥರಿಂದ’ ಅಥವಾ ‘ಮುಖ್ಯಸ್ಥರ ವತಿಯಿಂದ’ ಎಂದು ಬರೆಯಬೇಕೆನಿಸಿದ ಪ್ರತಿ ಸಲವೂ ನಾನು ಆ ‘ಇಂದ’ವನ್ನು ತೆಗೆದು ಪ್ರಥಮಾ ವಿಭಕ್ತಿ ಇಟ್ಟು ನೋಡುತ್ತೇನೆ. ಕರ್ತೃವನ್ನು ಹೇಳಲೇಬೇಕಾದ ಮೇಲೆ ಅವನನ್ನು ಮರೆಮಾಡಲೆಂದೇ ಇರುವ ರೂಪ ಏಕೆ ಬೇಕು ಎಂಬ ಪ್ರಶ್ನೆಗೆ ಈವರೆಗೆ ನನಗೆ ಒಳ್ಳೆಯ ಉತ್ತರ ಸಿಕ್ಕಿಲ್ಲ.

ಕೊನೆಗೆ ವರದಿಯ ಆ ಭಾಗ ಹೀಗಾಯಿತು:

“ಕಿಟಕಿಯಿಂದ ನೀರು ಸೋರುತ್ತಿರುವುದನ್ನು ದಾಖಲೆ ಕೊಠಡಿಯ ಮೇಲ್ವಿಚಾರಕರು ಜೂನ್ 3ರಂದು ಆಡಳಿತ ಶಾಖೆಗೆ ಪತ್ರದ ಮೂಲಕ ತಿಳಿಸಿದ್ದರು. ದುರಸ್ತಿಯ ಪ್ರಸ್ತಾವವನ್ನು ಶಾಖೆಯ ಮುಖ್ಯಸ್ಥರು ಜೂನ್ 10ರಂದು ಅನುಮೋದಿಸಿದರು. ಅನುಮೋದನೆಯ ಪ್ರತಿಯನ್ನು ಆಡಳಿತ ಶಾಖೆ ನಿರ್ವಹಣಾ ಶಾಖೆಗೆ ಕಳುಹಿಸಲಿಲ್ಲ; ಆದ್ದರಿಂದ ದುರಸ್ತಿ ನಡೆಯಲಿಲ್ಲ. ಜೂನ್ 19ರ ರಾತ್ರಿ ಮಳೆ ಬಂದಾಗ ಕೊಠಡಿಯ ಬೀಗದ ಕೈ ಕಾವಲುಗಾರರ ಬಳಿ ಇಲ್ಲದ ಕಾರಣ, ಕಡತಗಳನ್ನು ಮೇಲಿನ ಕಪಾಟುಗಳಿಗೆ ಸ್ಥಳಾಂತರಿಸಲು ಅವರಿಗೆ ಸಾಧ್ಯವಾಗಲಿಲ್ಲ. ಕೆಳಗಿನ ಕಪಾಟಿನಲ್ಲಿದ್ದ 46 ಕಡತಗಳು ಮಳೆನೀರಿನಿಂದ ಹಾಳಾದವು. ಅವುಗಳನ್ನು ಹೀರುಕಾಗದ ಮತ್ತು ಫ್ಯಾನ್ ಬಳಸಿ ಒಣಗಿಸಿ ಪಟ್ಟಿ ಮಾಡಲಾಗಿದೆ.”

ಮೊದಲ ಕರಡಿಗಿಂತ ಇದು ಉದ್ದವಾಗಿದೆ. ಹಗುರವಾದ ವಾಕ್ಯ ಎಂದರೆ ಚಿಕ್ಕ ವಾಕ್ಯ ಎಂದು ನಾನು ಬಹಳ ಕಾಲ ನಂಬಿದ್ದೆ. ಇಲ್ಲಿ ಪದಗಳು ಹೆಚ್ಚಾಗಿವೆ, ಆದರೆ ಎರಡನೆಯ ಸಲ ಓದಬೇಕಾದ ವಾಕ್ಯ ಒಂದೂ ಇಲ್ಲ. ಸಭೆಯಲ್ಲಿ ಮತ್ತೆ ಓದಿದಾಗ ಮೇಲ್ವಿಚಾರಕರಿಗೂ ಅಧಿಕಾರಿಗೂ ಒಂದೇ ಅರ್ಥ ತಲುಪಿತು. ಆಡಳಿತ ಶಾಖೆಗೆ ಆ ಅರ್ಥ ಹಿತವಾಗಿರಲಿಲ್ಲ, ಆದರೂ ಅದು ತಪ್ಪೆಂದು ಅವರು ಹೇಳಲಿಲ್ಲ.

ಏಳನೆಯ ವಾಕ್ಯವೊಂದು ಉಳಿದಿತ್ತು: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಇದನ್ನು ಕರ್ತರಿಗೆ ತಿರುಗಿಸಲು ನಾನು ಎಷ್ಟು ಹೊತ್ತು ಕುಳಿತರೂ ಆಗಲಿಲ್ಲ. ಭಾಷೆಯಲ್ಲಿ ದಾರಿ ಇರಲಿಲ್ಲವೆಂದಲ್ಲ. ಯಾರು, ಯಾವ ಕ್ರಮವನ್ನು, ಯಾವಾಗ ಕೈಗೊಳ್ಳುತ್ತಾರೆ ಎಂಬುದನ್ನು ನಮ್ಮಲ್ಲಿ ಯಾರೂ ತೀರ್ಮಾನಿಸಿಯೇ ಇರಲಿಲ್ಲ. ಆ ಒಂದು ವಾಕ್ಯಕ್ಕಾಗಿ ಸಮಿತಿ ಇನ್ನೊಮ್ಮೆ ಸೇರಿತು, ಎರಡು ಗಂಟೆ ಮಾತಾಡಿತು. ಕೊನೆಗೆ ಬರೆದದ್ದು ಹೀಗಿತ್ತು: “ಪ್ರತಿ ವರ್ಷ ಮೇ 15ರೊಳಗೆ ನಿರ್ವಹಣಾ ಶಾಖೆಯ ಮುಖ್ಯಸ್ಥರು ದಾಖಲೆ ಕೊಠಡಿಯ ಕಿಟಕಿಗಳನ್ನು ಪರೀಕ್ಷಿಸಿ ಮೇಲ್ವಿಚಾರಕರಿಗೆ ಲಿಖಿತ ವರದಿ ಕೊಡುತ್ತಾರೆ. ಕೊಠಡಿಯ ಬೀಗದ ಕೈಯ ಒಂದು ಪ್ರತಿಯನ್ನು ಮೇಲ್ವಿಚಾರಕರು ರಾತ್ರಿ ಕಾವಲುಗಾರರಿಗೆ ಒಪ್ಪಿಸುತ್ತಾರೆ.”